ಅದೇ ಜಾಗದಲ್ಲಿ ಮತ್ತೆ ಅದೇ ಕಲೆ

ನನ್ನ ಎಡಗೈ ಮೇಲೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಒಂದು ದುಂಡನೆಯ ಕಲೆ ಇದೆ. ಹತ್ತು ರೂಪಾಯಿ ನಾಣ್ಯದಷ್ಟು ಅಗಲ. ಈಗ ಬೂದು ಬಣ್ಣಕ್ಕೆ ತಿರುಗಿದೆ. ಅದು ಏನು, ಯಾಕೆ ಬಂತು ಅನ್ನೋದು ಗೊತ್ತಾಗಲು ನನಗೆ ಹತ್ತಿರ ಹತ್ತಿರ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಅದು ಮೂರು ಸಲ ಕೆರಳಿತ್ತು.

ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಷಿನ್ ಓಡಿಸುತ್ತೇನೆ. ದಿನವಿಡೀ ಶಾಯಿ, ಸಂಜೆ ರೋಲರ್ ತೊಳೆಯಲು ಸೀಮೆಎಣ್ಣೆ. ಈ ಕೆಲಸದವರ ಕೈ ಮೇಲೆ ಕಲೆ ಎದ್ದರೆ ಯಾರಾದರೂ ಮೊದಲು ಹೇಳುವುದು ಒಂದೇ ಮಾತು: ಸೀಮೆಎಣ್ಣೆ ಹತ್ತಿದೆ. ನನಗೂ ಹಾಗೇ ಆಯಿತು.

ಮೊದಲ ಸಲ ಬಂದಿದ್ದು 2022ರ ಜೂನ್‌ನಲ್ಲಿ. ಹೊಟ್ಟೆ ಕೆಟ್ಟಿತ್ತು. ಮನೆ ಹತ್ತಿರದ ಮೆಡಿಕಲ್ ಶಾಪ್‌ಗೆ ಹೋಗಿ ಹೇಳಿದೆ. ಅವರು ಒಂದು ಸ್ಟ್ರಿಪ್ಪಿನಿಂದ ನಾಲ್ಕು ಗುಳಿಗೆ ಕತ್ತರಿಸಿ, ಪೇಪರ್ ಕವರಿಗೆ ಹಾಕಿ ಕೊಟ್ಟರು. ದಿನಕ್ಕೆ ಎರಡು, ಊಟ ಆದ ಮೇಲೆ. ಎರಡನೇ ದಿನ ಭೇದಿ ನಿಂತಿತು. ಅವತ್ತೇ ಸಂಜೆ ಕೈ ಉರಿಯತೊಡಗಿತು. ನೋಡಿದರೆ ಕೆಂಪಗೆ ದುಂಡಗೆ ಎದ್ದಿದೆ. ಬೆಳಿಗ್ಗೆ ಹೊತ್ತಿಗೆ ನೇರಳೆ ಹಣ್ಣಿನ ಬಣ್ಣ ಬಂದಿತ್ತು. ಕಲೆಯ ಅಂಚು ಕಂಪಾಸ್ ಇಟ್ಟು ಗೆರೆ ಎಳೆದ ಹಾಗೆ ನೀಟಾಗಿತ್ತು.

ಅವ್ವ ಕೈ ಹಿಡಿದು ನೋಡಿ, "ಏನೋ ಹುಳಾ ಹರದೇತಿ ತಮ್ಮಾ, ಅರಿಷಿಣ ಹಚ್ಚು" ಅಂದಳು. ಪ್ರೆಸ್ಸಿನಲ್ಲಿ ಹಿರಿಯರೊಬ್ಬರು, "ಗ್ಲೌಸ್ ಹಾಕ್ಕೋ ಅಂತ ಎಷ್ಟ ಸಲ ಹೇಳಬೇಕು?" ಅಂತ ಬೈದರು. ನಾನು ಅರಿಷಿಣವನ್ನೂ ಹಚ್ಚಿದೆ, ಗ್ಲೌಸನ್ನೂ ಹಾಕಿದೆ. ಹತ್ತು ದಿನಕ್ಕೆ ಉರಿ ಹೋಯಿತು, ಸ್ವಲ್ಪ ಹೊಟ್ಟು ಉದುರಿತು. ಕಪ್ಪು ಕಲೆ ಮಾತ್ರ ಉಳಿಯಿತು. ಗ್ಲೌಸಿನಿಂದ ಕಡಿಮೆ ಆಯಿತು ಅಂದುಕೊಂಡೆ. ಅದು ತಾನಾಗಿಯೇ ಇಳಿಯುವ ಕಲೆ ಅಂತ ಆಗ ನನಗೇನು ಗೊತ್ತು?

ಎರಡನೇ ಸಲ 2023ರ ಮಾರ್ಚ್. ಸೋದರಮಾವನ ಮಗಳ ಮದುವೆಗೆ ಹಾವೇರಿಗೆ ಹೋಗಿದ್ದೆ. ಅಲ್ಲಿ ಮತ್ತೆ ಹೊಟ್ಟೆ ಕೆಟ್ಟಿತು. ಅಲ್ಲಿನ ಅಂಗಡಿಯಲ್ಲಿ ಕೊಟ್ಟ ಗುಳಿಗೆಯ ಹೆಸರು ಬೇರೆ, ಬಣ್ಣವೂ ಬೇರೆ. ಮಧ್ಯಾಹ್ನ ಒಂದು ತೆಗೆದುಕೊಂಡೆ. ಸಂಜೆ ಹಳೇ ಕಲೆಯ ಜಾಗದಲ್ಲೇ ಚುರುಚುರು ಅಂದಿತು. ರಾತ್ರಿ ಅಷ್ಟರಲ್ಲಿ ಅದೇ ನೇರಳೆ ಬಣ್ಣ, ಮೊದಲಿಗಿಂತ ಸ್ವಲ್ಪ ದೊಡ್ಡದು. ನಾನು ರಜೆ ಹಾಕಿ ನಾಲ್ಕು ದಿನ ಆಗಿತ್ತು. ನಾಲ್ಕು ದಿನದಿಂದ ಸೀಮೆಎಣ್ಣೆಯ ವಾಸನೆ ಕೂಡ ನೋಡಿರಲಿಲ್ಲ. ಆ ಕ್ಷಣಕ್ಕೆ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಟ್ಟೆಗೂ ಕೈಗೂ ಏನು ಸಂಬಂಧ ಅಂತ ಯಾರು ಯೋಚಿಸುತ್ತಾರೆ?

ಗದಗಿಗೆ ಬಂದ ಮೇಲೆ ಒಬ್ಬರು ಗಜಕರ್ಣ ಅಂದರು. ಅಂಗಡಿಯಿಂದ ಒಂದು ಟ್ಯೂಬ್ ತಂದು ಎರಡು ತಿಂಗಳು ಹಚ್ಚಿದೆ. ಇದು ನಾನು ಮಾಡಿದ ದೊಡ್ಡ ತಪ್ಪು. ಆ ಮುಲಾಮಿನಲ್ಲಿ ಗಜಕರ್ಣದ ಔಷಧಿ ಜೊತೆಗೆ ಜೋರಾದ ಸ್ಟಿರಾಯ್ಡ್ ಇತ್ತು. ಕಲೆ ಹೋಗಲಿಲ್ಲ. ಸುತ್ತಲಿನ ಚರ್ಮ ಮಾತ್ರ ತೆಳ್ಳಗಾಗಿ ಹೊಳೆಯತೊಡಗಿತು, ಒಳಗಿನ ಸಣ್ಣ ರಕ್ತನಾಳಗಳು ಕೆಂಪಗೆ ಕಾಣುತ್ತಿದ್ದವು.

ಮೂರನೇ ಸಲ 2024ರ ಜನವರಿ. ಕೆಳಗಿನ ದವಡೆ ಹಲ್ಲಿಗೆ ಕೀವು ಆಗಿ ಮುಖ ಊದಿತ್ತು. ಹಲ್ಲಿನ ಡಾಕ್ಟರು ಮೂರು ಗುಳಿಗೆ ಬರೆದುಕೊಟ್ಟರು: ಅಮಾಕ್ಸಿಸಿಲಿನ್ 500, ಮೆಟ್ರೋನಿಡಜೋಲ್ 400, ನೋವಿಗೆ ಪ್ಯಾರಸಿಟಮಾಲ್. ರಾತ್ರಿ ಒಂಬತ್ತಕ್ಕೆ ಊಟ ಮಾಡಿ ಮೂರನ್ನೂ ನುಂಗಿದೆ. ಹನ್ನೊಂದಕ್ಕೆ ಕೈ ಉರಿದು ಎಚ್ಚರ ಆಯಿತು. ಎರಡೇ ತಾಸು! ಬೆಳಿಗ್ಗೆ ಎದ್ದಾಗ ಕಲೆಯ ನಡುವೆ ನೀರು ತುಂಬಿದ ಗುಳ್ಳೆ ಎದ್ದಿತ್ತು. ಕೆಳದುಟಿಯ ಎಡಬದಿಗೆ ಇನ್ನೊಂದು ಸಣ್ಣ ಕಪ್ಪು ಗುರುತು. ತುಟಿ ನೋಡಿ ನನ್ನ ಹೆಂಡತಿ ಗಾಬರಿಯಾದಳು. "ಇವತ್ತ ಪ್ರೆಸ್ ಬ್ಯಾಡ್ರಿ, ಹುಬ್ಬಳ್ಳಿಗೆ ಹೋಗೂಣು" ಅಂದಳು. ಬೆಳಗಿನ ಬಸ್ಸಿಗೇ ಹೊರಟೆವು.

ಹುಬ್ಬಳ್ಳಿಯ ಚರ್ಮದ ಡಾಕ್ಟರ್ ಮೇಡಂ ಕಲೆ ನೋಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ.

"ಕಳೆದ ಎರಡು ದಿನದಾಗ ಯಾವ ಗುಳಿಗಿ ತಗೊಂಡ್ರಿ?"

"ಇಲ್ರೀ ಮೇಡಂ, ನನಗ ಬಿಪಿ, ಶುಗರ್ ಏನೂ ಇಲ್ಲ" ಅಂದೆ.

ಆಗ ಅವರು ಬೇರೆ ಥರ ಕೇಳಿದರು. ತಲೆನೋವಿಗೆ? ಜ್ವರಕ್ಕೆ? ಹೊಟ್ಟೆಗೆ? ಹಲ್ಲಿಗೆ? ಹಲ್ಲು ಅನ್ನುತ್ತಲೇ ನನ್ನ ಹೆಂಡತಿ ಪರ್ಸಿನಿಂದ ಚೀಟಿ ತೆಗೆದಳು. ನನ್ನ ಲೆಕ್ಕದಲ್ಲಿ ಗುಳಿಗೆ ಅಂದರೆ ದಿನಾ ತಿನ್ನುವ ಗುಳಿಗೆ. ಎರಡು ದಿನಕ್ಕೆ ತಿಂದು ಬಿಟ್ಟದ್ದು ಗುಳಿಗೆ ಅಂತ ನೆನಪಿಗೇ ಬರಲಿಲ್ಲ. ಮೇಡಂ ಅಂದರು, ಬಹಳ ಜನ ಹೀಗೇ ಹೇಳುತ್ತಾರಂತೆ.

ಅವರು ಗಜಕರ್ಣ ಯಾಕಲ್ಲ ಅಂತಲೂ ತೋರಿಸಿದರು. ಗಜಕರ್ಣದ ಅಂಚು ಉಬ್ಬಿ ಹೊಟ್ಟು ಹೊಟ್ಟಾಗಿರುತ್ತದೆ, ನಡುವೆ ತಿಳಿಯಾಗುತ್ತಾ ಹೋಗುತ್ತದೆ, ವಾರಗಟ್ಟಲೆ ನಿಧಾನವಾಗಿ ಹರಡುತ್ತದೆ. ನನ್ನದು ಒಂದೇ ರಾತ್ರಿಯಲ್ಲಿ ಎದ್ದಿತ್ತು, ನಡುವೆಯೇ ಹೆಚ್ಚು ಕಪ್ಪು. ಸೀಮೆಎಣ್ಣೆಯಿಂದ ಆಗಿದ್ದರೆ ಎಣ್ಣೆ ತಾಗಿದ ಕಡೆಯೆಲ್ಲ, ಎರಡೂ ಕೈಗೆ, ಅಡ್ಡಾದಿಡ್ಡಿಯಾಗಿ ಬರಬೇಕಿತ್ತು. ಇಷ್ಟು ದುಂಡಗೆ, ಮೂರು ಸಲವೂ ಅದೇ ಜಾಗಕ್ಕೆ ಬರುವುದು ಔಷಧಿಯಿಂದಲೇ ಅಂದರು. ಇದಕ್ಕೆ ಫಿಕ್ಸ್ಡ್ ಡ್ರಗ್ ಇರಪ್ಷನ್ ಅಂತಾರಂತೆ. ಗುಳಿಗೆ ಒಳಗೆ ಹೋದಾಗಲೆಲ್ಲ ಅದೇ ಜಾಗದಲ್ಲಿ ಏಳುತ್ತದೆ, ಅದಕ್ಕೇ ಆ ಹೆಸರು.

"ಹಿಂದಿನ ಎರಡು ಸಲ ಏನು ತಗೊಂಡಿದ್ರಿ, ಹುಡುಕಿಕೊಂಡು ಬರ್ರಿ" ಅಂತ ಹೇಳಿ ಒಂದು ವಾರದ ನಂತರ ಬರಲು ತಿಳಿಸಿದರು. ಹಲ್ಲಿನ ಗುಳಿಗೆಯಲ್ಲಿ ಮೆಟ್ರೋನಿಡಜೋಲ್ ಅವತ್ತೇ ನಿಲ್ಲಿಸಿದರು. ಹಲ್ಲಿನ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿಸಿ ವಿಷಯ ತಿಳಿಸಿದರು. ಅಮಾಕ್ಸಿಸಿಲಿನ್ ಮುಂದುವರಿಸಿ, ಹೊಸ ಕಲೆ ಎದ್ದರೆ ಕೂಡಲೇ ನಿಲ್ಲಿಸಿ ಬನ್ನಿ ಅಂದರು. ಏಳಲಿಲ್ಲ.

ಎರಡು ವರ್ಷದ ಹಿಂದೆ ತಿಂದ ಗುಳಿಗೆಯ ಹೆಸರು ಎಲ್ಲಿಂದ ಹುಡುಕುವುದು? ನಮ್ಮ ಮನೆಯಲ್ಲಿ ಇದಕ್ಕೆ ಸಹಾಯ ಮಾಡಿದ್ದು ಗೋಡೆ ಕ್ಯಾಲೆಂಡರ್. ನಮ್ಮದೇ ಪ್ರೆಸ್ಸಿನಲ್ಲಿ ಅಚ್ಚಾದದ್ದು. ನನ್ನ ಹೆಂಡತಿ ಅದರ ಚೌಕಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಅವ್ವನ ಬಿಪಿ ಎಲ್ಲ ಬರೆಯುತ್ತಾಳೆ. ವರ್ಷ ಮುಗಿದ ಮೇಲೂ ಬಿಸಾಡುವುದಿಲ್ಲ, ಅಟ್ಟದ ಮೇಲೆ ಸುರುಳಿ ಸುತ್ತಿ ಇಡುತ್ತಾಳೆ. ಅವತ್ತು ರಾತ್ರಿ ಮೂರು ವರ್ಷದ ಕ್ಯಾಲೆಂಡರ್‌ಗಳನ್ನು ನೆಲದ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಚೊಂಬು, ಲೋಟ ಇಟ್ಟು ಕೂತೆವು. 2022ರ ಜೂನ್‌ನ ಒಂದು ಚೌಕದಲ್ಲಿ ಸಣ್ಣಗೆ "ಇವರಿಗೆ ಹೊಟ್ಟಿ" ಅಂತಿತ್ತು. ಪಕ್ಕದ ಚೌಕದಲ್ಲೇ "ಕೈ ಉರಿ". ಪೆನ್ಸಿಲ್ ಅಕ್ಷರ ಅರ್ಧ ಅಳಿಸಿತ್ತು, ಆದರೂ ಓದಬಹುದಿತ್ತು. ಹೊಟ್ಟೆ ಮತ್ತು ಕೈ ಅಕ್ಕಪಕ್ಕ ಇದ್ದದ್ದನ್ನು ನಾವಿಬ್ಬರೂ ಮೊದಲ ಸಲ ಅವತ್ತು ನೋಡಿದೆವು.

ಮರುದಿನ ಮೆಡಿಕಲ್ ಶಾಪ್‌ನವರು ತಮ್ಮ ಕಂಪ್ಯೂಟರ್‌ನಲ್ಲಿ ಹಳೇ ಬಿಲ್ ಹುಡುಕಿ ಕೊಟ್ಟರು. ಗುಳಿಗೆಯಲ್ಲಿ ಇದ್ದದ್ದು ಎರಡು ಔಷಧಿ: ಓಫ್ಲಾಕ್ಸಾಸಿನ್ 200, ಆರ್ನಿಡಜೋಲ್ 500. ಹಾವೇರಿಯ ಗುಳಿಗೆಯಲ್ಲಿ ಒಂದು ಉಳಿದು ನನ್ನ ಶೇವಿಂಗ್ ಪೆಟ್ಟಿಗೆಯಲ್ಲೇ ಇತ್ತು. ಕಂಪನಿ ಬೇರೆ, ಹೆಸರು ಬೇರೆ. ಫಾಯಿಲ್ ಮೇಲೆ ಕನ್ನಡಕ ಹಾಕಿ ಓದಿದರೆ ಒಳಗಿರುವುದು ಅವೇ ಎರಡು.

ಇನ್ನೊಂದು ಚೀಟಿ ಕೂಡ ಸಿಕ್ಕಿತು. 2023ರ ಆಗಸ್ಟ್‌ನಲ್ಲಿ ಮೂತ್ರ ಉರಿಯುತ್ತಿತ್ತು ಅಂತ ಡಾಕ್ಟರು ಬರೀ ಓಫ್ಲಾಕ್ಸಾಸಿನ್ ಐದು ದಿನ ಕೊಟ್ಟಿದ್ದರು. ಆಗ ಕೈಗೆ ಏನೂ ಆಗಿರಲಿಲ್ಲ. ಈ ಚೀಟಿ ನೋಡಿ ಮೇಡಂ ಬಹಳ ಖುಷಿಪಟ್ಟರು. ಇದಕ್ಕಿಂತ ಹಿಂದೆ ಯಾವಾಗ ಕೆರಳಿತ್ತು ಅಂತ ಕೇಳಿದರು. ಐದು ತಿಂಗಳು ಹಿಂದೆ ಅಂದೆ. ಅದು ಮುಖ್ಯವಂತೆ. ಕಲೆ ಒಮ್ಮೆ ಕೆರಳಿದ ಮೇಲೆ ಕೆಲವು ವಾರ ಆ ಜಾಗ ಸುಮ್ನೆ ಇರಬಹುದು. ಆ ಹೊತ್ತಿನಲ್ಲಿ ಅದೇ ಗುಳಿಗೆ ತಿಂದರೂ ಏನೂ ಆಗದೆ, ಇದು ನಿರಪರಾಧಿ ಅಂತ ತಪ್ಪು ತಿಳಿಯುವ ಸಂಭವ ಇದೆ. ಐದು ತಿಂಗಳು ಅಂದರೆ ಸಾಕಷ್ಟು ಸಮಯ.

ಅವರು ಒಂದು ಹಾಳೆ ಮೇಲೆ ನನ್ನ ಎದುರೇ ಬರೆದರು. ಪ್ಯಾರಸಿಟಮಾಲ್ ಜ್ವರಕ್ಕೆ ಎಷ್ಟೋ ಸಲ ತಿಂದಿದ್ದೇನೆ, ಕಲೆ ಇಲ್ಲ, ಅದಕ್ಕೆ ಗೆರೆ ಎಳೆದರು. ಅಮಾಕ್ಸಿಸಿಲಿನ್ ಮೊದಲ ಎರಡು ಸಲ ಇರಲೇ ಇಲ್ಲ, ಈ ವಾರವೂ ತಿಂದು ಮುಗಿಸಿದ್ದೇನೆ, ಅದಕ್ಕೂ ಗೆರೆ. ಓಫ್ಲಾಕ್ಸಾಸಿನ್ ಒಂದೇ ತಿಂದಾಗ ಏನೂ ಆಗಿಲ್ಲ, ಗೆರೆ. ಉಳಿದದ್ದು ಎರಡು ಸಲ ಆರ್ನಿಡಜೋಲ್, ಒಂದು ಸಲ ಮೆಟ್ರೋನಿಡಜೋಲ್. "ಇವು ಅಣ್ಣತಮ್ಮ ಇದ್ದಂಗ" ಅಂದರು. ಎರಡೂ ಒಂದೇ ಗುಂಪಿನ ಔಷಧಿ, ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ. ಒಂದನ್ನು ನೆನಪಿಟ್ಟ ಚರ್ಮ ಇನ್ನೊಂದನ್ನೂ ಗುರುತು ಹಿಡಿಯಬಹುದು. ಎಲ್ಲರಿಗೂ ಹಾಗೆ ಆಗಲೇಬೇಕು ಅಂತಿಲ್ಲ, ನನಗೆ ಆಗಿದೆ.

ಅದೇ ಜಾಗಕ್ಕೆ ಯಾಕೆ ಬರುತ್ತದೆ ಅಂತ ನಾನು ಕೇಳಿಯೇ ಕೇಳಿದೆ. ಮೇಡಂ ಬಿಡಿಸಿ ಹೇಳಿದರು. ಮೊದಲ ಸಲ ಆ ಔಷಧಿ ಮೇಲೆ ದೇಹ ಸಿಟ್ಟಾದಾಗ, ಹೋರಾಡಲು ಬಂದ ರಕ್ತದ ಬಿಳಿ ಕಣಗಳಲ್ಲಿ ಕೆಲವು ವಾಪಸ್ ಹೋಗುವುದಿಲ್ಲ. ಅಲ್ಲೇ, ಚರ್ಮದ ಮೇಲ್ಪದರದ ತಳದಲ್ಲಿ, ವರ್ಷಗಟ್ಟಲೆ ಬೀಡು ಬಿಡುತ್ತವೆ. ಟಿ ಕಣಗಳು ಅಂತ ಅವುಗಳ ಹೆಸರು. ಗುಳಿಗೆ ಹೊಟ್ಟೆಗೆ ಹೋಗಿ ರಕ್ತದಲ್ಲಿ ಬೆರೆತು ಆ ಜಾಗ ಮುಟ್ಟಿದ ಕೂಡಲೇ ಅವು ಏಳುತ್ತವೆ. ಏಳುವಾಗ ಅಕ್ಕಪಕ್ಕದ ಚರ್ಮದ ಕಣಗಳನ್ನೇ ಸುಡುತ್ತವೆ. ಮೊದಲ ಸಲ ದೇಹ ಕಲಿಯಲು ವಾರ, ಎರಡು ವಾರ ಹಿಡಿಯುತ್ತದೆ. ಆಮೇಲೆ ಕಾವಲು ಅಲ್ಲೇ ಇರುವುದರಿಂದ ಕೆಲವೇ ತಾಸು ಸಾಕು. ನಾನು 2022ಕ್ಕಿಂತ ಮುಂಚೆಯೂ ಇದೇ ಗುಳಿಗೆ ತಿಂದಿರಬೇಕು ಅಂತ ಅವರ ಅಂದಾಜು.

ಕಪ್ಪು ಯಾಕೆ ಉಳಿಯುತ್ತದೆ ಅನ್ನೋದೂ ಇದರಲ್ಲೇ ಇದೆ. ಚರ್ಮಕ್ಕೆ ಬಣ್ಣ ಕೊಡುವ ಪುಡಿ ಮೇಲ್ಪದರದಲ್ಲಿ ಇರಬೇಕು. ಅಲ್ಲಿನ ಕಣಗಳು ಸುಟ್ಟಾಗ ಆ ಪುಡಿ ಕೆಳಗಿನ ಪದರಕ್ಕೆ ಸೋರಿ ಬೀಳುತ್ತದೆ. ಕಾಗದದ ಮೇಲಿನ ಶಾಯಿಯನ್ನು ಕೆರೆದು ತೆಗೆಯಬಹುದು, ಕಾಗದ ಹೀರಿಕೊಂಡ ಶಾಯಿಯನ್ನು ಆಗುವುದಿಲ್ಲ. ನನಗೆ ಇದು ಕೂಡಲೇ ಅರ್ಥವಾಯಿತು. ಮೇಲೆ ಎಷ್ಟು ಮುಲಾಮು ತಿಕ್ಕಿದರೂ ಕೆಳಗಿನ ಬಣ್ಣಕ್ಕೆ ತಲುಪುವುದು ಕಷ್ಟ. ದೇಹವೇ ತಿಂಗಳುಗಟ್ಟಲೆ ಅದನ್ನು ನಿಧಾನಕ್ಕೆ ಸ್ವಚ್ಛ ಮಾಡಬೇಕು. ನಡುವೆ ಇನ್ನೊಮ್ಮೆ ಕೆರಳಿದರೆ ಮತ್ತೆ ಮೊದಲಿನಿಂದ.

ಖಾತ್ರಿ ಮಾಡಿಕೊಳ್ಳಲು ಪರೀಕ್ಷೆ ಇಲ್ಲವೇ ಅಂತಲೂ ಕೇಳಿದೆ. ಇದೆ. ಕಲೆ ಪೂರ್ತಿ ತಣ್ಣಗಾಗಿ ಕೆಲವು ವಾರ ಆದ ಮೇಲೆ, ಆಸ್ಪತ್ರೆಯಲ್ಲಿ ಡಾಕ್ಟರ ಎದುರು ಗುಳಿಗೆಯ ಸಣ್ಣ ಪಾಲು ಕೊಟ್ಟು ನೋಡುತ್ತಾರೆ. ಹಳೇ ಕಲೆಯ ಮೇಲೇ ಔಷಧಿಯ ಪಟ್ಟಿ ಅಂಟಿಸಿ ನೋಡುವುದೂ ಉಂಟು. ಆದರೆ ಪಟ್ಟಿಗೆ ಏನೂ ಆಗದಿದ್ದರೆ ಔಷಧಿ ಸುರಕ್ಷಿತ ಅಂತ ಹೇಳಲು ಬರುವುದಿಲ್ಲ. ನನ್ನ ವಿಷಯದಲ್ಲಿ ಮೂರು ಸಲದ ಲೆಕ್ಕ ಸ್ಪಷ್ಟ ಇತ್ತು. ಈ ಔಷಧಿ ಬಿಟ್ಟು ಬೇರೆ ದಾರಿಯೂ ಇದೆ. ಹಾಗಾಗಿ ಮಾಡಲಿಲ್ಲ. ಮನೆಯಲ್ಲಿ ಸುಮ್ನೆ ಅರ್ಧ ಗುಳಿಗೆ ನುಂಗಿ ಪರೀಕ್ಷೆ ಮಾಡಿಕೊಳ್ಳಬೇಡಿ ಅಂತ ಮೇಡಂ ಎರಡು ಸಲ ಹೇಳಿದರು. ನನಗೆ ಒಂದಿದ್ದದ್ದು ಎರಡಾಗಿತ್ತು, ಗುಳ್ಳೆಯೂ ಎದ್ದಿತ್ತು. ತಿಂದಷ್ಟು ಸಲ ಜಾಗ ಹೆಚ್ಚುತ್ತಾ ಹೋಗಬಹುದು. ಅಪರೂಪಕ್ಕೆ ಮೈತುಂಬ ದೊಡ್ಡ ದೊಡ್ಡ ಗುಳ್ಳೆ ಎದ್ದು ಚರ್ಮ ಸುಲಿದು ಬರುತ್ತದೆ, ಅದು ಜೀವಕ್ಕೇ ಕುತ್ತು. ಕಲೆಗಳು ಒಮ್ಮೆಲೇ ಬಹಳ ಕಡೆ ಎದ್ದರೆ, ಬಾಯೊಳಗೆ ಅಥವಾ ಕಣ್ಣಿಗೆ ಹುಣ್ಣಾದರೆ, ಜ್ವರ ಬಂದರೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆ ಅಂತ ಇದ್ದದ್ದು ಸ್ವಲ್ಪವೇ. ಗುಳ್ಳೆ ಒಡೆಯದೆ ಬಿಡುವುದು. ಉರಿ ಇರುವ ತನಕ, ಏಳು ದಿನ ಮಾತ್ರ, ಮೊಮೆಟಾಸೋನ್ ಅನ್ನೋ ಸ್ಟಿರಾಯ್ಡ್ ಮುಲಾಮು. ಏಳು ದಿನ ಆದ ಮೇಲೆ ಟ್ಯೂಬ್ ಮುಚ್ಚಿ ಇಡಿ, ಕಪ್ಪಿಗೆ ಇದನ್ನು ಹಚ್ಚಬೇಡಿ ಅಂದರು. ನಾನು ಎರಡು ತಿಂಗಳು ಹಚ್ಚಿದ್ದ ಟ್ಯೂಬ್ ನೋಡಿ ತಲೆ ಅಲ್ಲಾಡಿಸಿದರು. ಅದರಿಂದ ತೆಳ್ಳಗಾದ ಚರ್ಮ ಸುಧಾರಿಸಲು ಆರು ತಿಂಗಳು ಬೇಕಾಯಿತು. ಗುಳಿಗೆಯಿಂದ ಆದ ಅಡ್ಡಪರಿಣಾಮದ ವರದಿಯ ಫಾರಂ ಅವರೇ ತುಂಬಿ ಕಳಿಸಿದರು. ನಮ್ಮಂಥವರೂ ನೇರವಾಗಿ ತಿಳಿಸಬಹುದು, ಅದಕ್ಕೆ 1800-180-3024 ಅನ್ನೋ ಉಚಿತ ನಂಬರ್ ಇದೆ ಅಂತ ಅವರಿಂದಲೇ ಗೊತ್ತಾಯಿತು.

ಇನ್ನು ಉಳಿದದ್ದು ನೆನಪಿಟ್ಟುಕೊಳ್ಳುವ ಕೆಲಸ. ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ್ದು. ಗುಳಿಗೆಯ ಬ್ರಾಂಡ್ ಹೆಸರು ನೆನಪಿಟ್ಟರೆ ಉಪಯೋಗವಿಲ್ಲ, ಒಂದೇ ಜೋಡಿ ಔಷಧಿ ಎಷ್ಟೋ ಹೆಸರಿನಲ್ಲಿ ಬರುತ್ತದೆ. ಒಳಗಿನ ಔಷಧಿಯ ಹೆಸರು ಬೇಕು. ಅದು ಫಾಯಿಲ್ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಂಗಡಿಯವರು ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟಾಗ ಹೆಸರು ಅರ್ಧ ಆಚೆ ತುಂಡಿಗೆ ಹೋಗುತ್ತದೆ. ಈಗ ನಾನು ಕತ್ತರಿಸುವ ಮುಂಚೆ ಇಡೀ ಸ್ಟ್ರಿಪ್ಪಿನ ಫೋಟೋ ತೆಗೆದುಕೊಳ್ಳುತ್ತೇನೆ. ಯಾರೂ ಬೇಡ ಅಂದಿಲ್ಲ.

ಪ್ರೆಸ್ಸಿನಲ್ಲಿ ಒಂದು ಕಾರ್ಡ್ ಅಚ್ಚು ಹಾಕಿಸಿಕೊಂಡೆ, ವಿಸಿಟಿಂಗ್ ಕಾರ್ಡಿನ ಅಳತೆ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಮೇಡಂ ಬರೆದುಕೊಟ್ಟ ಹಾಗೆ ನಾಲ್ಕು ಹೆಸರು: ಮೆಟ್ರೋನಿಡಜೋಲ್, ಆರ್ನಿಡಜೋಲ್, ಟಿನಿಡಜೋಲ್, ಸೆಕ್ನಿಡಜೋಲ್. ಕೆಳಗೆ "ಇವುಗಳಿಂದ ಚರ್ಮಕ್ಕೆ ಅಲರ್ಜಿ, ಕೊಡಬೇಡಿ". ನಾಲ್ಕರ ಬಾಲವೂ "ನಿಡಜೋಲ್". ಇದನ್ನು ಮನೆಯಲ್ಲಿ ಹೇಳಿಕೊಟ್ಟಾಗ ಒಂದು ಎಡವಟ್ಟು ಆಯಿತು. ನನ್ನ ಹೆಂಡತಿ ನನ್ನ ಗ್ಯಾಸ್ಟ್ರಿಕ್ ಗುಳಿಗೆ ಪ್ಯಾಂಟೊಪ್ರಜೋಲನ್ನು ಎತ್ತಿ ಬಚ್ಚಿಟ್ಟಳು, ಅದರಲ್ಲೂ "ಜೋಲ್" ಇದೆ ಅಂತ. ಅದು ಬೇರೆಯೇ ಗುಂಪು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಬರೀ "ಜೋಲ್" ಅಲ್ಲ, "ನಿಡಜೋಲ್" ನೋಡಬೇಕು.

ಕಳೆದ ಮಳೆಗಾಲದಲ್ಲಿ ಮತ್ತೆ ಹೊಟ್ಟೆ ಕೆಟ್ಟಿತು. ಈ ಸಲ ಅಂಗಡಿಗೆ ಹೋಗದೆ ನಮ್ಮ ಓಣಿಯ ಡಾಕ್ಟರ ಹತ್ತಿರ ಹೋಗಿ ಮೊದಲು ಕಾರ್ಡ್ ಮುಂದಿಟ್ಟೆ. ಅವರು ಎರಡೂ ಬದಿ ತಿರುಗಿಸಿ ಓದಿದರು. ರಕ್ತ ಹೋಗುತ್ತಿದೆಯಾ, ಜ್ವರ ಇದೆಯಾ ಕೇಳಿದರು. ಇಲ್ಲ ಅಂದೆ. "ಹಂಗಾರ ಆ ಗುಳಿಗಿ ನಿಮಗ ಬೇಕಾಗೇ ಇಲ್ಲ" ಅಂದು ಓಆರ್‌ಎಸ್ ಪುಡಿ ಬರೆದರು. ಒಂದು ಲೀಟರ್ ನೀರಿಗೆ ಒಂದು ಪಾಕೀಟು, ಸ್ವಲ್ಪ ಸ್ವಲ್ಪ ಕುಡಿಯುತ್ತಾ ಇರಬೇಕು. ಅವ್ವ ಮಜ್ಜಿಗೆ ಅನ್ನ ಕಲಸಿ ಕೊಟ್ಟಳು. ಮೂರನೇ ದಿನಕ್ಕೆ ಹೊಟ್ಟೆ ಸರಿಹೋಯಿತು.

ಆ ಮೂರು ರಾತ್ರಿಯೂ ಮಲಗುವ ಮುಂಚೆ ಲೈಟ್ ಹಾಕಿ ಕೈ ನೋಡಿಕೊಂಡೆ. ಬೆರಳಿಂದ ಒತ್ತಿಯೂ ನೋಡಿದೆ. ಉರಿ ಇರಲಿಲ್ಲ. ಕಲೆ ಬೂದು ಬಣ್ಣದಲ್ಲಿ, ಅಕ್ಕಪಕ್ಕದ ಚರ್ಮದಷ್ಟೇ ತಣ್ಣಗಿತ್ತು.